ವಾಕ್ಯ ಅವಳದೇ, ಜಾಗ ಬೇರೆ

ಮುಂಬಯಿಯಲ್ಲಿ ಹುಟ್ಟಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಮಕ್ಕಳು ಕನ್ನಡದಲ್ಲಿ ಏನಾದರೂ ಬರೆದು ತಂದರೆ ಹಿರಿಯರ ಪೆನ್ನು ಮೊದಲು ಹೋಗುವುದು ವಾಕ್ಯಗಳ ಮೇಲೆ. ಒತ್ತಕ್ಷರ ಸರಿಯಾಗುತ್ತದೆ, ಕ್ರಿಯಾಪದ ಬದಲಾಗುತ್ತದೆ. ಹಾಳೆ ವಾಪಸು ಬರುವಾಗ ಅದರಲ್ಲಿ ಮಗುವಿನ ಮಾತೇ ಉಳಿದಿರುವುದಿಲ್ಲ. ಅಕ್ಕನ ಮಗಳ ಪ್ರಬಂಧಕ್ಕೂ ಹಾಗೆಯೇ ಆಗುವುದರಲ್ಲಿತ್ತು. 2019ರ ಕೊನೆಯಲ್ಲಿ ಅವಳು ಚೆಂಬೂರಿನ ಮೊನೊರೈಲು ಏಕೆ ಖಾಲಿ ಓಡುತ್ತದೆ ಎಂದು ಆರು ಪ್ಯಾರಾ ಬರೆದಿದ್ದಳು. ಓದಿದವರೊಬ್ಬರು "ಏನೂ ಅರ್ಥವಾಗುವುದಿಲ್ಲ, ಹೊಸದಾಗಿ ಬರಿ" ಎಂದಿದ್ದರು. "ಇನ್ನು ಕನ್ನಡದಲ್ಲಿ ಬರೆಯುವುದಿಲ್ಲ ಮಾವ" ಎಂದು ಅವಳು ಹಾಳೆಯನ್ನು ನನ್ನ ಮುಂದಿಟ್ಟಳು.

ಬಿಡಿಯಾಗಿ ಓದಿದರೆ ಒಂದೊಂದು ವಾಕ್ಯವೂ ಚೆನ್ನಾಗಿಯೇ ಇತ್ತು. ಗೊಂದಲವಿದ್ದದ್ದು ಪ್ಯಾರಾಗಳ ಸಾಲಿನಲ್ಲಿ. ಅವಳ ಸಾಲು ಹೀಗಿತ್ತು: ಮೊದಲು 2017ರ ನವೆಂಬರಿನಲ್ಲಿ ಮೈಸೂರು ಕಾಲೊನಿಯಲ್ಲಿ ಗಾಡಿಗೆ ಬೆಂಕಿ ಬಿದ್ದದ್ದು. ಎರಡನೆಯದು, "ಆದ್ದರಿಂದ ತಪ್ಪು ರೈಲಿನದಲ್ಲ, ದಾರಿಯದು." ಮೂರನೆಯದು, 2014ರ ಫೆಬ್ರವರಿಯಲ್ಲಿ ವಡಾಲಾ–ಚೆಂಬೂರು ಮಾರ್ಗ ಶುರುವಾದಾಗಿನ ನೂಕುನುಗ್ಗಲು ಮತ್ತು ಆಮೇಲೆ ಕರಗಿದ ಜನ. ನಾಲ್ಕನೆಯದು, ಒಂದು ಗಾಡಿ ತಪ್ಪಿದರೆ ಬಹಳ ಹೊತ್ತು ಕಾಯಬೇಕು ಎಂಬ ದೂರು. ಐದನೆಯದು, ನಡುವಿನ ನಿಲ್ದಾಣಗಳು. ಆರನೆಯದು, 2019ರ ಮಾರ್ಚ್‌ನಲ್ಲಿ ಮಾರ್ಗ ಜೇಕಬ್ ಸರ್ಕಲ್‌ವರೆಗೆ ಬೆಳೆದದ್ದು.

ಕತ್ತರಿ ತಂದು ಆರೂ ಪ್ಯಾರಾ ಬೇರೆ ಮಾಡಿ ಊಟದ ಮೇಜಿನ ಮೇಲೆ ಹರಡಿದೆವು. ಪ್ರತಿ ಚೀಟಿಯ ಹಿಂದೆ ಎರಡೇ ಸಾಲು ಬರೆಯಲು ಹೇಳಿದೆ: ಈ ಪ್ಯಾರಾ ಏನು ಹೇಳುತ್ತದೆ, ಇದನ್ನು ನಂಬಲು ಓದುವವನಿಗೆ ಮೊದಲೇ ಏನು ಗೊತ್ತಿರಬೇಕು. ಎರಡನೆಯ ಸಾಲೇ ಮುಖ್ಯ, ಏಕೆಂದರೆ ಯಾವ ಚೀಟಿ ಯಾವುದರ ನಂತರ ಬರಬೇಕೆಂದು ಅದೇ ಹೇಳುತ್ತದೆ. "ದಾರಿಯದು ತಪ್ಪು" ಎಂಬ ಚೀಟಿಯ ಹಿಂದೆ ಅವಳು "ನಿಲ್ದಾಣಗಳು ಎಲ್ಲಿವೆ" ಎಂದು ಬರೆದಳು. ಬರೆದ ಕೂಡಲೇ ಚೀಟಿ ತಾನಾಗಿ ಕೆಳಗೆ ಹೋಯಿತು.

ಬೆಂಕಿಯ ಪ್ಯಾರಾದ ಬಗ್ಗೆ ವಾದ ನಡೆಯಿತು. "ಅದು ಎಲ್ಲಕ್ಕಿಂತ ಜೋರಾಗಿದೆ, ಮೊದಲು ಬರಲಿ" ಎಂದಳು. ಆದರೆ ಮೊದಲು ಬಂದರೆ ಓದುವವನು ಬೆಂಕಿಯೇ ಕಾರಣ ಎಂದುಕೊಳ್ಳುತ್ತಾನೆ. 2014ರ ಪ್ಯಾರಾದ ನಂತರ ಇಟ್ಟರೆ ಅದೇ ಮಾತು ತಿರುಗಿ ನಿಲ್ಲುತ್ತದೆ: ಜನ ಕರಗಿದ್ದು ಬೆಂಕಿಗಿಂತ ಮೊದಲೇ, ಹಾಗಾಗಿ ಬೆಂಕಿ ಮೂಲ ಕಾರಣವಲ್ಲ. ವಾಕ್ಯಗಳು ಅವೇ, ಆದರೆ ಮುಂಚೆ ಸುದ್ದಿಯಾಗಿದ್ದವು ಈಗ ಪುರಾವೆಯಾದವು.

ಅದರ ನಂತರ ನಿಲ್ದಾಣಗಳು ಬಂದವು. ಭಾರತ್ ಪೆಟ್ರೋಲಿಯಂ, ಫರ್ಟಿಲೈಸರ್ ಟೌನ್‌ಶಿಪ್ ಎಂಬ ಹೆಸರುಗಳೇ ಸಾಕು, ಗಾಡಿ ಕಾರ್ಖಾನೆಗಳ ಮಗ್ಗುಲಲ್ಲಿ ಹೋಗುತ್ತದೆಂದು ತಿಳಿಯಲು. ಇನ್ನೊಂದು ತುದಿಯ ವಡಾಲಾ ಡಿಪೋ ಲೋಕಲ್ ರೈಲಿನ ನಿಲ್ದಾಣದಿಂದ ದೂರ. ಹಳಿಯ ಮೇಲೆ ನಮ್ಮ ಮೈಸೂರಿನ ಹೆಸರು ಕಂಡ ಖುಷಿಯನ್ನು ಬೆಂಕಿಯ ಪ್ಯಾರಾದಲ್ಲಿ ತುರುಕಿದ್ದಳು. ಆ ಒಂದು ವಾಕ್ಯವನ್ನು ಕತ್ತರಿಸಿ ಇಲ್ಲಿ ಅಂಟಿಸಿದಳು. ಮುಂದೆ ಕಾಯುವ ದೂರು, ಜೇಕಬ್ ಸರ್ಕಲ್, ಕೊನೆಗೆ ತೀರ್ಮಾನ.

ಸಾಲು ಬದಲಾದರೆ ಹರಿಯುವುದು ಅಂಚುಗಳಲ್ಲಿ. "ಆದರೂ", "ಇದರಿಂದಾಗಿ", "ಅಲ್ಲಿ" ಎಂಬ ಪದಗಳು ಹಳೆಯ ನೆರೆಯವರನ್ನೇ ನೋಡುತ್ತ ನಿಂತಿರುತ್ತವೆ. 2014ರ ಪ್ಯಾರಾ "ಆದರೂ" ಎಂದು ಶುರುವಾಗಿತ್ತು. ಈಗ ಅದೇ ಮೊದಲನೆಯದು, ಆ ಪದ ಹೋಯಿತು. ನಿಲ್ದಾಣದ ಪ್ಯಾರಾದ "ಅಲ್ಲಿ" ಎಲ್ಲಿಯೆಂದು ತಿಳಿಯುತ್ತಿರಲಿಲ್ಲ, "ಈ ಮಾರ್ಗದಲ್ಲಿ" ಎಂದಾಯಿತು. ಬೆಂಕಿಯ ಪ್ಯಾರಾದ ತಲೆಗೆ "ಕೆಲವರು ಬೆಂಕಿಯನ್ನು ದೂರುತ್ತಾರೆ" ಎಂಬ ಒಂದು ವಾಕ್ಯ ಸೇರಿತು.

ಪರೀಕ್ಷೆಗೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಒಂದರ ಹಿಂದೊಂದು ಗಟ್ಟಿಯಾಗಿ ಓದಿಸಿದೆ. ಐದರವರೆಗೆ ಸರಾಗವಾಗಿ ಬಂತು. ಕೊನೆಯದರ ಮುಂದೆ ಅವಳೇ ನಿಂತಳು. "ಮಾವ, ಮಾರ್ಗ ಉದ್ದವಾದ ಮೇಲೆ ಜನ ಹೆಚ್ಚಾದರಾ ಅಂತ ನಾನು ಹೇಳಿಯೇ ಇಲ್ಲ. ಕಾಯುವ ತೊಂದರೆಯಂತೂ ರೈಲಿನದೇ ಅಲ್ಲವಾ?"

ಇದು ಜೋಡಣೆಯಿಂದ ತುಂಬುವ ತೂತಲ್ಲ. ಇಲ್ಲದ ಪ್ಯಾರಾವನ್ನು ಯಾವ ಸಾಲೂ ಹುಟ್ಟಿಸುವುದಿಲ್ಲ. ಆದರೆ ಹಳೆಯ ಸಾಲಿನಲ್ಲಿ ಆ ತೂತು ಯಾರಿಗೂ ಕಂಡಿರಲಿಲ್ಲ, ಅವಳಿಗೂ. ಪುರಾವೆ ಇರುವಷ್ಟಕ್ಕೇ ತೀರ್ಮಾನವನ್ನು ಇಳಿಸಿದಳು: "ತಪ್ಪು ಮೊದಲು ದಾರಿಯದು, ಆಮೇಲೆ ಗಾಡಿಗಳ ಕೊರತೆಯದು." ಅದನ್ನು ಅವಳೇ ಬರೆದಳು, ನಾನು ಪೆನ್ನು ಮುಟ್ಟಲಿಲ್ಲ.

ಎಣಿಸಿದರೆ ಬದಲಾದದ್ದು ಮೂರು ವಾಕ್ಯ, ಸೇರಿದ್ದು ಒಂದು. ಉಳಿದದ್ದೆಲ್ಲ ಮರಾಠಿಯ ವಾಸನೆಯ, ಸ್ವಲ್ಪ ಅವಸರದ ಅವಳ ಚೆಂಬೂರು ಕನ್ನಡವೇ. "ಹೊಸದಾಗಿ ಬರಿ" ಎಂದವರಿಗೇ ಅದನ್ನು ಮತ್ತೆ ಕೊಟ್ಟಳು. ಅವರು ಓದಿ, "ಈಗ ಭಾಷೆ ಸುಧಾರಿಸಿದೆ" ಎಂದರಂತೆ.