ಪ್ರಶ್ನೆಯನ್ನು ಓದಿ ಹೇಳುವ ಕೆಲಸ

ನಮ್ಮ ವಿಭಾಗದಲ್ಲಿ ವೆಬಿನಾರ್ ಅಂದರೆ ನಿರೂಪಣೆ ಸಂಶೋಧನಾ ವಿದ್ಯಾರ್ಥಿಗಳದು. ಲಾಕ್‌ಡೌನಿನಲ್ಲಿ ಶುರುವಾದ ರೂಢಿ, ಇನ್ನೂ ನಿಂತಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಈಗ ಹದಿನೇಳು ನಿರೂಪಣಾ ಬರಹಗಳಿವೆ, ಪಿಎಚ್‌ಡಿ ಅಧ್ಯಾಯಗಳು ಮೂರಿವೆ. ಈ ಲೆಕ್ಕ ಗೈಡ್ ಮೇಡಂಗೆ ಗೊತ್ತಿಲ್ಲ.

ಮೊದಮೊದಲು ಎಲ್ಲರೂ ಸಭಾಂಗಣದ ನಿರೂಪಣೆಯನ್ನೇ ಕಂಪ್ಯೂಟರಿಗೆ ಎತ್ತಿಕೊಂಡು ಬಂದೆವು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ವೇದಿಕೆಯೇ ಇಲ್ಲದಿದ್ದರೂ ‘ವೇದಿಕೆಯ ಮೇಲಿನ ಗಣ್ಯರೇ’. ಸಭಾಂಗಣದಲ್ಲಿ ಎದ್ದು ಹೋಗಲು ಹತ್ತು ಜನರ ಮೊಣಕಾಲು ದಾಟಬೇಕು. ಇಲ್ಲಿ ಒಂದು ಬೆರಳು ಸಾಕು. ಸ್ವಾಗತ ಮುಗಿಯುವಷ್ಟರಲ್ಲಿ ಜನರ ಸಂಖ್ಯೆ ಇಳಿಯುವುದನ್ನು ಪರದೆಯ ಮೂಲೆಯಲ್ಲೇ ನೋಡಬಹುದು.

ನಾನು ಈಗ ಬರಹವನ್ನು ಕೊನೆಯಿಂದ ಬರೆಯುತ್ತೇನೆ. ತೊಂಬತ್ತು ನಿಮಿಷದ ಕಾರ್ಯಕ್ರಮದಲ್ಲಿ ಪ್ರಶ್ನೆಗಳಿಗೆ ಮೂವತ್ತು ನಿಮಿಷ ಮೊದಲೇ ತೆಗೆದಿಡುತ್ತೇನೆ. ಉಪನ್ಯಾಸಕ್ಕೆ ನಲವತ್ತೈದು. ವಂದನಾರ್ಪಣೆ, ಫೀಡ್‌ಬ್ಯಾಕ್ ಫಾರ್ಮು, ತಡವಾಗಿ ಬರುವವರು, ನೆಟ್‌ವರ್ಕ್, ಎಲ್ಲ ಕಳೆದರೆ ಆರಂಭಕ್ಕೆ ಉಳಿಯುವುದು ಆರೇಳು ನಿಮಿಷ. ಗಡಿಯಾರ ಇಟ್ಟುಕೊಂಡು ಓದಿದರೆ ನಾನು ನಿಮಿಷಕ್ಕೆ ಸುಮಾರು 90 ಪದ ಓದುತ್ತೇನೆ. ಹಾಗಾಗಿ ಸ್ವಾಗತ 180 ಪದ ದಾಟಬಾರದು. ಅಷ್ಟರಲ್ಲಿ ಪ್ರಾಂಶುಪಾಲರ ಹೆಸರು ಒಂದೇ ಸಲ ಬರುತ್ತದೆ. ಅವರಿಗೆ ಬೇಜಾರಾದದ್ದು ನನಗೆ ಕಂಡಿಲ್ಲ. ಬೇಜಾರಾಗುವುದು ಸಾಮಾನ್ಯವಾಗಿ ಅವರ ಪರವಾಗಿ ಬೇರೆಯವರಿಗೆ.

ಕಳೆದ ವರ್ಷ ಪಂಪನ ‘ವಿಕ್ರಮಾರ್ಜುನ ವಿಜಯ’ವನ್ನು ಇಂದು ಓದುವುದು ಹೇಗೆ ಅನ್ನುವ ಉಪನ್ಯಾಸವಿತ್ತು. ಬೆಳಗ್ಗೆ 11ಕ್ಕೆ ಶುರು. ವೆಬಿನಾರ್ ಅಂತ ಕರೆದರೂ ನಮ್ಮ ಹತ್ತಿರ ಇದ್ದದ್ದು ಝೂಮ್‌ನ ಸಾಮಾನ್ಯ ಮೀಟಿಂಗ್. ಆದ್ದರಿಂದ ಕೇಳುಗರು ತಾವಾಗಿ ಮೈಕ್ ತೆರೆಯದಂತೆ ಮೊದಲೇ ತಡೆದು, ಚಾಟ್ ಸಂದೇಶಗಳು ನಿರ್ವಾಹಕರಿಗೆ ಮಾತ್ರ ಬರುವ ಹಾಗೆ ಇಟ್ಟಿದ್ದೆವು. ಎರಡನೆಯದನ್ನು ಯಾಕೆ ಮಾಡಿದೆವೆಂದರೆ, ತಮ್ಮ ಕಾಗುಣಿತವನ್ನು ನೂರು ಜನ ನೋಡುತ್ತಾರೆಂಬ ಅಂಜಿಕೆಯಿಂದಲೇ ಸುಮ್ಮನಾಗುವವರು ಬಹಳ. ಸೂಚನೆಗಳ ಭಾಗ ಹೀಗಿತ್ತು:

“ನಿಮ್ಮ ಮೈಕುಗಳನ್ನು ನಾವೇ ಮ್ಯೂಟ್ ಮಾಡಿದ್ದೇವೆ, ನೀವೇನೂ ಒತ್ತಬೇಕಿಲ್ಲ. ಕಾರ್ಯಕ್ರಮ ರೆಕಾರ್ಡ್ ಆಗುತ್ತಿದೆ. ಪ್ರಶ್ನೆ ಹೊಳೆದ ಕೂಡಲೇ ಚಾಟ್‌ನಲ್ಲಿ ಬರೆಯಿರಿ, ಅದು ನಮಗೆ ಮಾತ್ರ ಕಾಣುತ್ತದೆ. ಕನ್ನಡ ಟೈಪ್ ಮಾಡಲು ಬರದಿದ್ದರೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಿರಿ. ಪ್ರಮಾಣಪತ್ರದ ಫಾರ್ಮಿನ ಲಿಂಕ್ 12:20ಕ್ಕೆ ಬರುತ್ತದೆ. ಅಲ್ಲಿಯವರೆಗೆ ಅದನ್ನು ಕೇಳಬೇಕಿಲ್ಲ.”

ಕೊನೆಯ ಎರಡು ವಾಕ್ಯಗಳಿಗೆ ನಗಬೇಡಿ. ಸಮಯ ಹೇಳದಿದ್ದರೆ ಚಾಟ್ ತುಂಬ ‘ಲಿಂಕ್ ಪ್ಲೀಸ್’ ತುಂಬಿ, ನಡುವೆ ಬಂದ ನಿಜವಾದ ಪ್ರಶ್ನೆ ಮೇಲಕ್ಕೆ ಸರಿದು ಕಾಣೆಯಾಗುತ್ತದೆ. ತಡವಾಗಿ ಬಂದವರಿಗೆ ಇದನ್ನೇ ಉಪನ್ಯಾಸ ಮುಗಿದ ಮೇಲೆ ಇನ್ನೊಮ್ಮೆ ಹೇಳಬೇಕು.

ಪರಿಚಯಕ್ಕೆಂದು ಉಪನ್ಯಾಸಕಿ ಮೂರು ಪುಟದ ಬಯೋಡೇಟಾ ಕಳಿಸಿದ್ದರು. ಅದರಲ್ಲಿ ಇಲ್ಲದ್ದನ್ನು ನಾನು ಫೋನಿನಲ್ಲಿ ಕೇಳಿದೆ: ಮೇಡಂ, ತರಗತಿಯಲ್ಲಿ ಪಂಪನನ್ನು ಪಾಠ ಮಾಡಿದಾಗ ಏನಾಯಿತು? ಅವರು ಹೇಳಿದ್ದೇ ಪರಿಚಯವಾಯಿತು. “ಇಂದು ಮಾತನಾಡುವವರು ಹತ್ತೊಂಬತ್ತು ವರ್ಷ ಬಿಎ ತರಗತಿಗೆ ಪಂಪನನ್ನು ಕಲಿಸಿದ್ದಾರೆ. ಮೊದಲ ವರ್ಷ ಅರ್ಧ ತರಗತಿ ಖಾಲಿಯಾಯಿತೆಂದು ಅವರೇ ಹೇಳುತ್ತಾರೆ. ಆಮೇಲೆ ಅವರು ಅರ್ಥ ಹೇಳುವುದಕ್ಕೆ ಮೊದಲು ಪದ್ಯವನ್ನು ಗಟ್ಟಿಯಾಗಿ ಓದತೊಡಗಿದರು. ಆ ಓದಿನಿಂದ ಏನು ಬದಲಾಯಿತು ಎಂಬುದು ಇಂದಿನ ವಿಷಯ.” ಪ್ರಶಸ್ತಿಗಳು ಪೋಸ್ಟರಿನಲ್ಲಿದ್ದವು. ಪ್ರಶಸ್ತಿಯ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಖಾಲಿಯಾದ ತರಗತಿಯ ಬಗ್ಗೆ ಕೇಳುತ್ತಾರೆ.

ಸಭಾಂಗಣದಲ್ಲಿ ಪ್ರಶ್ನೆ ಕೇಳುವವರು ಎದ್ದು ನಿಂತು ತಮ್ಮದೇ ದನಿಯಲ್ಲಿ ಕೇಳುತ್ತಾರೆ. ಇಲ್ಲಿ ಅವರ ದನಿ ನಾವು. ಯಾವುದನ್ನು ಓದಬೇಕು, ಎಷ್ಟು ಓದಬೇಕು, ಯಾವ ಪದ ಬಿಡಬೇಕು ಎಲ್ಲ ನಮ್ಮ ಕೈಯಲ್ಲಿದೆ. ಯಾವುದನ್ನು ಬಿಟ್ಟೆವೆಂದು ಬೇರೆ ಯಾರಿಗೂ ತಿಳಿಯುವುದಿಲ್ಲ.

ಅವತ್ತು ಉಪನ್ಯಾಸ ಮುಗಿಯುವ ಹೊತ್ತಿಗೆ 43 ಸಂದೇಶಗಳಿದ್ದವು. ನಮಸ್ಕಾರ, ಅಭಿನಂದನೆ, ‘ಪಿಪಿಟಿ ಕಳಿಸಿ’ಗಳನ್ನು ಬಿಟ್ಟರೆ ಹದಿನಾಲ್ಕು ಪ್ರಶ್ನೆ. ಒಂದಕ್ಕೆ ಐದಾರು ನಿಮಿಷವೆಂದರೂ ಐದನ್ನು ಕೇಳಬಹುದು. ನನ್ನ ಗೆಳತಿ ಪಕ್ಕದಲ್ಲಿ ಕೂತು ಅವನ್ನು ಒಂದು ಗೂಗಲ್ ಡಾಕ್‌ಗೆ ಇಳಿಸುತ್ತಿದ್ದಳು. ಮೊದಲು ಹೊಸ ಓದುಗರ ಸರಳ ಪ್ರಶ್ನೆ, ಎರಡನೆಯದಾಗಿ ಎಲ್ಲಕ್ಕಿಂತ ಕಷ್ಟದ್ದು ಎಂಬ ಕ್ರಮ ನಮ್ಮದು. ಕಷ್ಟದ್ದನ್ನು ಕೊನೆಗಿಟ್ಟರೆ ವಂದನಾರ್ಪಣೆ ಅದನ್ನು ನುಂಗುತ್ತದೆ.

ಆ ಕಷ್ಟದ್ದು ಬಂದದ್ದು Redmi 9A ಎಂಬವರಿಂದ. ಅದು ಫೋನಿನ ಹೆಸರು. ತಮ್ಮ ಹೆಸರು ಹಾಕಿಕೊಳ್ಳದೆ ಸೇರಿದರೆ ಎಷ್ಟೋ ಸಲ ಹೀಗೆ ಕಾಣುತ್ತದೆ. ಹನ್ನೊಂದು ಸಾಲು, ಇಂಗ್ಲಿಷ್ ಅಕ್ಷರದ ಕನ್ನಡ, ಒಂದೂ ಪೂರ್ಣವಿರಾಮವಿಲ್ಲ. ತಾನು ಬಿಎ ಕೊನೆಯ ವರ್ಷ, ಪಂಪ ತನ್ನ ರಾಜ ಅರಿಕೇಸರಿಯನ್ನೇ ಅರ್ಜುನನನ್ನಾಗಿ ಮಾಡಿದ್ದಾನೆ, ಆದರೂ ಓದುವಾಗ ಕರ್ಣನಿಗೇ ಹೆಚ್ಚು... ಅಲ್ಲಿ ಒಂದು ಪದ. ಕಲೆಯೋ ಕಳೆಯೋ? ಇಂಗ್ಲಿಷ್ ಅಕ್ಷರದಲ್ಲಿ ಎರಡೂ ಒಂದೇ. ಕರ್ಣನಿಗೆ ಕಲೆ ಹೆಚ್ಚು ಎಂದು ಓದಿದ್ದರೆ ಕಳಂಕವೆಂದಾಗಿ ಪ್ರಶ್ನೆ ತಲೆಕೆಳಗಾಗುತ್ತಿತ್ತು. ಗೆಳತಿ ಅವರಿಗೆ ಮಾತ್ರ ಸಂದೇಶ ಹಾಕಿ ಕೇಳಿದಳು. ‘ಮುಖದ ಕಳೆ ಮೇಡಂ’ ಎಂದು ಉತ್ತರ ಬಂತು.

ಕೊನೆಯ ಸಾಲು ಹೀಗಿತ್ತು: ರಾಜನನ್ನು ಹೊಗಳಿದ ಪುಸ್ತಕವನ್ನು ನಾವ್ಯಾಕೆ ಈಗ ಓದಬೇಕು?

ಸಂಘಟಕರೊಬ್ಬರಿಂದ ನನ್ನ ವಾಟ್ಸಾಪಿಗೆ ಬಂತು: ‘ಆ ಕೊನೇ ಲೈನ್ ಬೇಡ, ಅತಿಥಿಗಳಿಗೆ ಮುಜುಗರ.’ ಅವರ ಕಾಳಜಿ ಸುಳ್ಳಲ್ಲ. ಆದರೆ ಆ ಸಾಲು ತೆಗೆದರೆ ಉಳಿಯುವುದು ‘ಕರ್ಣನ ಪಾತ್ರಚಿತ್ರಣವನ್ನು ವಿವರಿಸಿ’. ಅದಕ್ಕೆ ಉತ್ತರ ಹತ್ತು ಅಂಕದ ಗೈಡುಗಳಲ್ಲಿದೆ. ನಾನು ಪೀಠಿಕೆಯನ್ನು ಕತ್ತರಿಸಿದೆ, ಸಾಲನ್ನು ಇಟ್ಟುಕೊಂಡೆ. ‘ಆಸ್ಥಾನ ಸಾಹಿತ್ಯದ ಪ್ರಸ್ತುತತೆ’ ಎಂದು ಇಸ್ತ್ರಿ ಮಾಡಲಿಲ್ಲ.

“ಬಿಎ ಕೊನೆಯ ವರ್ಷದ ಒಬ್ಬರು ಕೇಳುತ್ತಾರೆ: ಅರ್ಜುನ ಅಂದರೆ ಅರಿಕೇಸರಿ ಅಂತಾದರೆ, ಓದುವಾಗ ಕರ್ಣನಿಗೇ ಕಳೆ ಹೆಚ್ಚು ಕಾಣುವುದು ಯಾಕೆ? ಮತ್ತೆ, ರಾಜನನ್ನು ಹೊಗಳಿದ ಪುಸ್ತಕವನ್ನು ನಾವ್ಯಾಕೆ ಈಗ ಓದಬೇಕು?”

ಮೇಡಂ ಸುಮ್ಮನಾದರು. ಪರದೆಯ ಮೇಲೆ ನಾಲ್ಕೈದು ಸೆಕೆಂಡ್ ಮೌನವಾದರೆ ಜನ ನೆಟ್‌ವರ್ಕ್ ಹೋಯಿತೆಂದು ಹೊರಟುಬಿಡುತ್ತಾರೆ. ಅದಕ್ಕೊಂದು ವಾಕ್ಯ ನನ್ನ ಬರಹದಲ್ಲಿ ಯಾವಾಗಲೂ ಇರುತ್ತದೆ: “ಮೇಡಂ ಯೋಚಿಸುತ್ತಿದ್ದಾರೆ, ಸಂಪರ್ಕ ಸರಿಯಾಗಿದೆ.” ಹೇಳಿದೆ. ಅವರು ನಕ್ಕರು.

“ಹೊಗಳಲೇಬೇಕಾದ ಕವಿ ಎದುರಾಳಿಗೆ ಇಷ್ಟು ಜಾಗ ಕೊಟ್ಟನಲ್ಲ, ಅದನ್ನು ನೋಡಲಿಕ್ಕೆ ಓದಬೇಕು. ಓದಿದ ಮೇಲೂ ಇದು ಬರೀ ಹೊಗಳಿಕೆ ಅನ್ನಿಸಿದರೆ ನನಗೆ ಹೇಳಿ, ಜಗಳ ಆಡೋಣ” ಎಂದರು. ಆಮೇಲೆ ಹತ್ತು ನಿಮಿಷ ಕರ್ಣನ ಬಗ್ಗೆಯೇ ಮಾತನಾಡಿದರು. ಐದು ಪ್ರಶ್ನೆ ಎಂದುಕೊಂಡದ್ದು ನಾಲ್ಕಾಯಿತು. ಉಳಿದ ಹತ್ತನ್ನು ಅವತ್ತು ಸಂಜೆಯೇ ಅವರಿಗೆ ಮೇಲ್ ಮಾಡಿದೆವು. ಏಳಕ್ಕೆ ಬರೆದು ಕಳಿಸಿದರು, ರೆಕಾರ್ಡಿಂಗ್ ಜೊತೆ ಹಂಚಿದೆವು.

12:20ಕ್ಕೆ ಫಾರ್ಮಿನ ಲಿಂಕ್ ಹಾಕಿದಾಗ 112 ಜನರಿದ್ದರು, ಮೂರು ನಿಮಿಷದಲ್ಲಿ ನಲವತ್ತಾದರು. ವಂದನಾರ್ಪಣೆಯ ನಡುವೆ Redmi 9A ಕಡೆಯಿಂದ ಇನ್ನೊಂದು ಸಂದೇಶ ಬಂತು: ‘ಕರ್ಣ ಎಷ್ಟನೇ ಆಶ್ವಾಸದಲ್ಲಿ?’

ಅದನ್ನೂ ಓದಿ ಹೇಳಿದೆ. ಮೇಡಂ ಮೈಕ್ ತೆರೆದು, “ಹನ್ನೆರಡರಿಂದ ಶುರು ಮಾಡಿ” ಎಂದರು.