ಒಂದು ಶಬ್ದದ ಭಾರ

ಕಚೇರಿಯೊಂದರಿಂದ ಬೆಂಗಳೂರಿಗೆ ಡೆಪ್ಯುಟೇಶನ್ ಬಯಸಿ ಅರ್ಜಿ ಬರೆಯುವಾಗ ನಮ್ಮನ್ನು ಕಾಡುವುದು ಅರ್ಹತೆಯ ಚಿಂತೆಯಲ್ಲ. ಅರ್ಜಿಯ ಜೊತೆಗೆ ಸಾಮಾನ್ಯವಾಗಿ ಹಿಂದಿನ ಐದು ವರ್ಷಗಳ ವಾರ್ಷಿಕ ಕಾರ್ಯಮೌಲ್ಯಮಾಪನ ವರದಿಗಳೂ ಹೋಗುತ್ತವೆ. ಅವುಗಳಲ್ಲಿ ಮೊದಲ ಮಾತು ನಮ್ಮನ್ನು ಕಂಡರಾಗದ ಮೇಲಧಿಕಾರಿಯದೇ ಆಗಿರಬಹುದು.

ಕೇಡು ಬಯಸುವವರು ಕೆಟ್ಟ ಮಾತನ್ನೇ ಬರೆಯಬೇಕೆಂದಿಲ್ಲ. ಗಡಿ ರಸ್ತೆಗಳ ಸಂಸ್ಥೆಯ ಎಂಜಿನಿಯರ್ ದೇವ್ ದತ್ ಅವರ ಬಡ್ತಿಗೆ ಐದು ವರ್ಷವೂ ‘ಬಹಳ ಉತ್ತಮ’ ಎಂಬ ಶ್ರೇಣಿ ಬೇಕಿತ್ತು. 1993–94ರಲ್ಲಿ ಮಾತ್ರ ‘ಉತ್ತಮ’ ಎಂದು ಬರೆಯಲಾಗಿತ್ತು. ಅದು ನಿಂದೆಯಲ್ಲವೆಂದು ಅವರಿಗೆ ತಿಳಿಸಿರಲೂ ಇಲ್ಲ, ಬಡ್ತಿ ತಪ್ಪಿತು. ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಲೇಬೇಕೆಂದು 2008ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು.

ಮರುವರ್ಷದ ಆದೇಶದಂತೆ ಪೂರ್ಣ ವರದಿ ನಮ್ಮ ಕೈಗೆ ಬರುತ್ತದೆ; ಆಕ್ಷೇಪಕ್ಕೆ ಹದಿನೈದು ದಿನಗಳ ಅವಕಾಶವಿದೆ. ಮೌನವಾಗಿದ್ದರೆ ಹೇಳುವುದೇನೂ ಇಲ್ಲವೆಂದೇ ಅರ್ಥ. ಆದುದರಿಂದ ‘ದ್ವೇಷದಿಂದ ಬರೆದಿದ್ದಾರೆ’ ಎಂದು ದೂರುವುದಕ್ಕಿಂತ, ‘ಕೆಲಸದಲ್ಲಿ ವಿಳಂಬ’ ಎಂಬ ಟೀಕೆಗೆ ಕಡತ ಬಂದ ದಿನ, ಮುಗಿದ ದಿನಗಳನ್ನು ಎದುರಿಟ್ಟರೆ ಫಲವುಂಟು. ಅದಕ್ಕೆ ಆ ದಿನಾಂಕಗಳನ್ನು ವರ್ಷವಿಡೀ ಬರೆದಿಟ್ಟುಕೊಂಡಿರಬೇಕು.

ಕಾಗದದ ಮೇಲಿನ ಮಾತಿಗೆ ಈ ಮದ್ದು. ಅರ್ಜಿಯನ್ನು ಮೇಜಿನಲ್ಲೇ ಉಳಿಸಿ ಕೊನೆಯ ದಿನ ದಾಟಿಸುವ ಕೈಗೂ, ದೂರವಾಣಿಯಲ್ಲಿ ಕೇಳಿದವರಿಗೆ ‘ನೀವೇ ನೋಡಿಕೊಳ್ಳಿ’ ಎಂದು ಸುಮ್ಮನಾಗುವ ದನಿಗೂ ಇದು ತಾಗದು. ನಮ್ಮ ಭಯದಲ್ಲಿ ಉಳಿದಿರುವುದು ಅಷ್ಟು ಪಾಲು.