ಆರು ವಾರದ ಪರಿಚಯ

ರೈಲು ಮದ್ದೂರು ದಾಟುವಾಗ ಅವಳ ಮೆಸೇಜ್ ಬಂತು. ಮಳವಳ್ಳಿ ಕಡೆಯ ಹುಡುಗಿ, ನಮ್ಮ ಮೆಡಿಸಿನ್ ವಿಭಾಗದಲ್ಲಿ ಇಂಟರ್ನ್ ಆಗಿದ್ದವಳು. ಅಮೆರಿಕದ ಆಸ್ಪತ್ರೆಯೊಂದರಲ್ಲಿ ನಾಲ್ಕು ವಾರದ ಅಬ್ಸರ್ವರ್‌ಶಿಪ್‌ಗೆ ಅರ್ಜಿ ಹಾಕಬೇಕಂತೆ, ನನ್ನಿಂದ ರೆಫರೆನ್ಸ್ ಲೆಟರ್ ಬೇಕಂತೆ. ನಾನು ಮಂಡ್ಯದಲ್ಲಿ ಇಳಿದು ಕಾಲೇಜಿಗೆ ಹೋಗುವಷ್ಟರಲ್ಲಿ ಬಾಗಿಲ ಹತ್ತಿರವೇ ನಿಂತಿದ್ದಳು.

“ಬರ್ಕೊಂಡೇ ಬಂದಿದೀನಿ ಸಾರ್. ನೀವು ಸೈನ್ ಹಾಕುದ್ರೆ ಸಾಕು.”

ಓದಿದೆ. ಒಂದು ವರ್ಷದಿಂದ ಅವಳನ್ನು ಹತ್ತಿರದಿಂದ ಬಲ್ಲೆನಂತೆ. ಶ್ರಮಜೀವಿ, ಪ್ರಾಮಾಣಿಕಳು, ನಾನು ಕಂಡ ಅತ್ಯುತ್ತಮ ವಿದ್ಯಾರ್ಥಿನಿ. ಜೊತೆಗೆ ಅವಳು ಕೈಯಾರೆ ಮಾಡಿದ ಪ್ರೊಸೀಜರ್‌ಗಳ ಉದ್ದ ಪಟ್ಟಿ.

“ನನ್ ಹತ್ರ ನೀನು ಇದ್ದಿದ್ದು ಆರೇ ವಾರ ಅಲ್ವೇನಮ್ಮ?”

“ಆರು ವಾರ ಅಂದ್ರೆ ಕಮ್ಮಿ ಅನ್ಸಲ್ವಾ ಸಾರ್?”

ಕಮ್ಮಿಯೇ. ಆದರೆ ಅಲ್ಲಿಂದ ಫೋನ್ ಮಾಡಿ ಯಾರಾದರೂ ಕೇಳಿದರೆ ನಾನು ನಿಲ್ಲಬಹುದಾದದ್ದು ಆ ಆರು ವಾರದ ಮೇಲೆ ಮಾತ್ರ. ಇನ್ನು ಪ್ರೊಸೀಜರ್ ಪಟ್ಟಿ. ಅಬ್ಸರ್ವರ್ ಅಂದರೆ ನೋಡುವವರು. ರೋಗಿಯನ್ನು ಮುಟ್ಟುವ ಹಾಗಿಲ್ಲ, ಕೇಸ್ ಶೀಟಿನಲ್ಲಿ ಬರೆಯುವ ಹಾಗಿಲ್ಲ. ಕೈ ಕಟ್ಟಿ ನಿಲ್ಲುವ ಜಾಗಕ್ಕೆ ಕೈಚಳಕದ ಪಟ್ಟಿ ಕಳಿಸಿದರೆ, ಇವಳು ಸುಮ್ಮನಿರುತ್ತಾಳೋ ಇಲ್ಲವೋ ಅನ್ನೋ ಅನುಮಾನವೇ ಹುಟ್ಟುತ್ತದೆ. ಅವರಿಗೆ ಬೇಕಾದ ಉತ್ತರ ಬೇರೆ: ಈ ಹುಡುಗಿಗೆ ನೋಡೋಕೆ ಬರುತ್ತಾ?

ಆಗ ಒಂದು ಬೆಳಗಿನ ಜಾವ ನೆನಪಾಯಿತು. ಹೊಟ್ಟೆನೋವು ಅಂತ ಒಬ್ಬ ರೈತ ಬಂದಿದ್ದ. ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು. ಇವಳು ಮಾತ್ರ ಅವನ ಮುಖ ನೋಡುತ್ತಾ ನಿಂತಿದ್ದಳು. ಆಮೇಲೆ ಬಂದು, “ಸಾರ್, ಕಣ್ರೆಪ್ಪೆ ಮೇಲೆತ್ತೋಕೆ ಆಗ್ತಿಲ್ಲ ಅವ್ರಿಗೆ. ರಾತ್ರಿ ನೆಲದ ಮೇಲೆ ಮಲಗಿದ್ರಂತೆ” ಅಂದಳು. ಕಟ್ಟುಹಾವು ಕಚ್ಚಿದರೆ ಹೀಗೇ. ಗಾಯ ಕಾಣದೆ ಇರಬಹುದು, ಊತವೂ ಇರುವುದಿಲ್ಲ. ಹೊಟ್ಟೆನೋವು, ಇಳಿಬಿದ್ದ ರೆಪ್ಪೆ, ಆಮೇಲೆ ಉಸಿರಿಗೇ ಸಂಚಕಾರ. ವಿಷನಿರೋಧಕ ಕೊಟ್ಟೆವು, ವೆಂಟಿಲೇಟರ್‌ಗೂ ಹಾಕಿದೆವು. ಮನುಷ್ಯ ನಡೆದುಕೊಂಡು ಮನೆಗೆ ಹೋದ.

ವಿಭಾಗದ ಲೆಟರ್‌ಹೆಡ್ ತೆಗೆದು ಮೊದಲಿಂದ ಬರೆದೆ. ತಾರೀಖು, ಯಾವ ಹುದ್ದೆಯಲ್ಲಿ, ಎಷ್ಟು ದಿನ ಅವಳನ್ನು ನೋಡಿದೆ ಅನ್ನುವುದು, ಆಮೇಲೆ ಇದೊಂದೇ ಘಟನೆ. ರೋಗಿಯ ಹೆಸರಾಗಲಿ ಊರಾಗಲಿ ಹಾಕಲಿಲ್ಲ. ಅದೂ ಅಲ್ಲಿಯವರು ಗಮನಿಸುವ ವಿಷಯ. ಕೊನೆಗೆ, ಪ್ರಶ್ನೆ ಕೇಳಲು ಇವಳು ರೋಗಿಯ ಪಕ್ಕದಿಂದ ಹೊರಗೆ ಬರುವವರೆಗೆ ಕಾಯುತ್ತಾಳೆ ಅಂತ ಒಂದು ಸಾಲು. ಎಲ್ಲ ಸೇರಿ ಒಂದು ಪುಟ. ಅವಳ ಕೈಗೆ ಕೊಡದೆ, ಸಹಿ ಸೀಲು ಹಾಕಿ ಕಾಲೇಜಿನ ಇಮೇಲ್‌ನಿಂದ ನಾನೇ ಕಳಿಸಿದೆ.

ಮಾರನೇ ದಿನ ಇನ್ನೊಬ್ಬ ಹುಡುಗ ಬಂದ. “ಬರ್ಕೊಂಡೇ ಬಂದಿದೀನಿ ಸಾರ್.” ಅದೇ ಒಂದು ವರ್ಷ, ಅದೇ ಶ್ರಮಜೀವಿ. ಎರಡನೇ ಪ್ಯಾರಾ ತುಂಬಾ ಮಾತ್ರ ಪಾಪ, ಅವನು ‘ಶಿ’ ಆಗೇ ಉಳಿದಿದ್ದ.

“ಕೂತ್ಕೊಳಪ್ಪ,” ಅಂದೆ. “ನನ್ ವಾರ್ಡಲ್ಲಿ ನೀನು ಏನ್ ನೋಡ್ದೆ, ಮೊದ್ಲು ಅದನ್ನ ಹೇಳು.”